ಓಪನ್ ಫೈಲ್ ಕಳೆಯದ ಹಾಗೆ ಹೆಸರಿಡುವುದು, ಜೋಡಿಸಿಡುವುದು

ಎಲ್ಲರಿಗೂ ನಮಸ್ಕಾರ. ತುಮಕೂರಿನವರ ಜೊತೆಗೆ ಗುಬ್ಬಿ, ಸಿರಾ, ಕುಣಿಗಲ್ ಕಡೆಯಿಂದಲೂ ಡಿಸೈನ್ ಕೆಲಸದವರು ಬಂದಿದ್ದೀರಿ. ಇವತ್ತು ನಾನು ಒಂದೇ ಒಂದು ಕೆಲಸವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದು ಜಾತ್ರೆಯ ಬ್ಯಾನರ್. ಪ್ರತಿ ವರ್ಷ ಬರುವ ಕೆಲಸ. ದೇವರ ಫೋಟೊ ಅದೇ, ರಥ ಅದೇ, ತೋರಣ ಅದೇ. ಬದಲಾಗುವುದು ತಾರೀಖು ಮತ್ತು ಅತಿಥಿಗಳ ಫೋಟೊ.

ಸಮಿತಿಯವರು ಬಂದು, "ಹೋದ ವರ್ಷದ್ದೇ ಇರಲಿ, ಡೇಟ್ ಒಂದು ಚೇಂಜ್ ಮಾಡಿಕೊಡಿ" ಅನ್ನುತ್ತಾರೆ. ಲೇಯರ್‌ಗಳು ಹಾಗೇ ಇರುವ ಓಪನ್ ಫೈಲ್ ಇದ್ದರೆ ಇದು ಹತ್ತು ನಿಮಿಷದ ಕೆಲಸ. ಬರೀ ಜೆಪೆಗ್ ಸಿಕ್ಕರೆ ತಾರೀಖಿನ ಹಿಂದಿನ ಬಣ್ಣವನ್ನು ಕ್ಲೋನ್ ಮಾಡಿ ಮುಚ್ಚಬೇಕು, ಅಕ್ಷರ ಹೊಸದಾಗಿ ಕೂರಿಸಬೇಕು. ಇಪ್ಪತ್ತು ಅಡಿಗೆ ಹಿಗ್ಗಿದಾಗ ಆ ತೇಪೆ ಎದ್ದು ಕಾಣುತ್ತದೆ.

ಲೇಯರ್‌ಗಳು ಹೋಗುವುದು ಹೇಗೆ ಅಂತ ಮೊದಲು ನೋಡೋಣ. ಜೆಪೆಗ್‌ನಲ್ಲಿ ಲೇಯರ್ ಉಳಿಯುವುದಿಲ್ಲ ಅನ್ನುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಹೋಗುತ್ತವೆ, ಅಲ್ವಾ? ಬ್ಯಾನರ್ ಕೆಲಸದಲ್ಲಿ ಅದಕ್ಕೆ ಒಂದು ದೊಡ್ಡ ಕಾರಣ ಫೈಲಿನ ತೂಕ. 20 ಅಡಿಗೆ 10 ಅಡಿ ಬ್ಯಾನರನ್ನು ಪೂರ್ತಿ ಅಳತೆಯಲ್ಲಿ, ಇಂಚಿಗೆ 72 ಪಿಕ್ಸೆಲ್‌ನಂತೆ ತೆಗೆದುಕೊಂಡರೆ 17,280 ಗುಣಿಸು 8,640 ಪಿಕ್ಸೆಲ್ ಆಗುತ್ತದೆ. ಸಿಎಂವೈಕೆಯಲ್ಲಿ ಪೂರ್ತಿ ಹರಡಿದ ಒಂದೇ ಲೇಯರ್‌ಗೆ ಸುಮಾರು 600 ಎಂಬಿ ಬೇಕು. ಉಳಿಸುವಾಗ ಅದು ಸ್ವಲ್ಪ ಕುಗ್ಗುತ್ತದೆ, ನಿಜ. ಆದರೆ ಹಿನ್ನೆಲೆ, ಟೆಕ್ಸ್ಚರ್, ಬೆಳಕು, ರಥ ಅಂತ ಸೇರಿಸುತ್ತಾ ಹೋದರೆ ಪಿಎಸ್‌ಡಿಯ ಮಿತಿಯಾದ 2 ಜಿಬಿ ದಾಟಲು ಜಾಸ್ತಿ ಹೊತ್ತು ಬೇಡ. ಆಗ ಫೋಟೊಶಾಪ್ ಸೇವ್ ಮಾಡುವುದಿಲ್ಲ ಅನ್ನುತ್ತದೆ. ರಾತ್ರಿ ಹತ್ತು ಗಂಟೆ, ಪ್ರಿಂಟಿಂಗ್‌ನವರು ಕಾಯುತ್ತಿದ್ದಾರೆ. ಕೂತಿರುವ ಹುಡುಗ `Flatten Image` ಒತ್ತುತ್ತಾನೆ. ಸೇವ್ ಆಗುತ್ತದೆ. ಸಿಸ್ಟಮ್ ಬಂದ್ ಮಾಡಿದ ಮೇಲೆ ಹಿಂದಕ್ಕೆ ಹೋಗಲು ಹಿಸ್ಟರಿಯೂ ಇರುವುದಿಲ್ಲ.

ಇದನ್ನು ತಡೆಯಲು ಎರಡು ದಾರಿ ಇವೆ. ಮೊದಲನೆಯದು, ಇಂಥ ಫೈಲನ್ನು ಮೊದಲಿಂದಲೇ ಪಿಎಸ್‌ಬಿ ಆಗಿ ಉಳಿಸುವುದು. ಅದಕ್ಕೆ 2 ಜಿಬಿಯ ಮಿತಿ ಇಲ್ಲ. ಎರಡನೆಯದು, ನಮ್ಮಲ್ಲಿ ಸುಮಾರು ಜನ ಮಾಡುವಂತೆ ಒಂದು ಅಡಿಗೆ ಒಂದು ಇಂಚು ಲೆಕ್ಕ ಹಿಡಿದು, 20 ಇಂಚಿಗೆ 10 ಇಂಚು, 300 ಪಿಕ್ಸೆಲ್‌ನಲ್ಲಿ ಮಾಡುವುದು. ಆಗ 6,000 ಗುಣಿಸು 3,000 ಪಿಕ್ಸೆಲ್ ಮಾತ್ರ. ಪ್ರಿಂಟ್‌ನಲ್ಲಿ ಇಂಚಿಗೆ 25 ಪಿಕ್ಸೆಲ್ ಬೀಳುತ್ತದೆ. ರಸ್ತೆಯಿಂದ ನೋಡುವ ಬ್ಯಾನರ್‌ಗೆ ಅದು ನಡೆಯುತ್ತದೆ. ಬಾಗಿಲ ಪಕ್ಕ ಕಟ್ಟಿ ಹತ್ತಿರದಿಂದ ಓದುವ ಪಟ್ಟಿಗೆ ಸಾಲದು.

ಈಗ ಹೆಸರಿಗೆ ಬರೋಣ. ನಾನು ಒಪ್ಪುವ ಪದ್ಧತಿ ಇದು:

```
25-0147_rathotsava_banner-20x10ft_w03.psb
25-0147_rathotsava_banner-20x10ft_p03.jpg
```

ಮೊದಲ ಭಾಗ ವರ್ಷ ಮತ್ತು ಕೆಲಸದ ನಂಬರ್. ಬಿಲ್ ಬುಕ್‌ನಲ್ಲಿ ಬರೆಯುವ ನಂಬರೇ ಇದಾದರೆ ಹುಡುಕುವುದು ಬಹಳ ಸುಲಭ. ಆಮೇಲೆ ಏನು ಕೆಲಸ. ಆಮೇಲೆ ಯಾವ ವಸ್ತು, ಎಷ್ಟು ಅಳತೆ. ಅಳತೆ ಯಾವಾಗಲೂ ಪ್ರಿಂಟ್ ಆಗುವ ಅಳತೆಯೇ ಇರಬೇಕು, ಅಡಿ ಅಂತ ತೋರಿಸಲು `ft` ಬೇಕೇ ಬೇಕು. ಯಾಕಂದ್ರೆ ಫೈಲ್ ಒಳಗೆ ಇಂಚಿನ ಲೆಕ್ಕ ಇರಬಹುದು. ಕೊನೆಯ `w` ಅಂದರೆ ವರ್ಕ್ ಫೈಲ್, `p` ಅಂದರೆ ಪ್ರಿಂಟ್‌ಗೆ ಕೊಟ್ಟದ್ದು.

ಈ ಪದ್ಧತಿಯ ಜೀವ ಇರುವುದು ಆ ಕೊನೆಯ ನಂಬರಿನಲ್ಲಿ. `p03` ಹುಟ್ಟುವುದು `w03` ಇಂದ ಮಾತ್ರ. ಪ್ರಿಂಟಿಂಗ್‌ನವರು ಫೋನ್ ಮಾಡಿ "ಪಿ ಮೂರರಲ್ಲಿ ಫೋನ್ ನಂಬರ್ ತಪ್ಪಿದೆ" ಅಂದರೆ ಯೋಚನೆಯೇ ಬೇಡ, `w03` ತೆರೆಯುತ್ತೀರಿ, ಅದನ್ನು `w04` ಅಂತ ಉಳಿಸುತ್ತೀರಿ, ಅಲ್ಲಿ ತಿದ್ದುತ್ತೀರಿ, `p04` ಕಳಿಸುತ್ತೀರಿ. ಜೆಪೆಗ್ ಮೇಲೆ ತಿದ್ದುವ ಹಾಗೇ ಇಲ್ಲ, ಅದು ಒಂದೇ ಅಕ್ಷರದ ತಪ್ಪಾದರೂ ಸರಿ. ಒಮ್ಮೆ ಜೆಪೆಗ್ ಮೇಲೆ ತಿದ್ದಿದರೆ ಓಪನ್ ಫೈಲ್‌ನಲ್ಲಿ ಹಳೇ ತಪ್ಪು ಹಾಗೇ ಉಳಿಯುತ್ತದೆ. ಮುಂದಿನ ವರ್ಷ ಅದೇ ತಪ್ಪು ಮತ್ತೆ ಪ್ರಿಂಟ್ ಆಗಿ ಬರುತ್ತದೆ.

"ಫೈನಲ್", "ಫೈನಲ್ ಹೊಸದು", "ಓಕೆ ಫೈನಲ್" ಅನ್ನುವ ಹೆಸರು ಬೇಡ. ಯಾವುದು ಕೊನೆಯದು ಅಂತ ನಂಬರ್ ಹೇಳುತ್ತದೆ. 3 ಅಲ್ಲ, 03 ಬರೆಯಿರಿ. ಕೆಲವು ಕಡೆ 10 ಅನ್ನುವುದು 2ರ ಮೇಲೆ ಹೋಗಿ ಕೂರುತ್ತದೆ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಅನ್ನುವುದಕ್ಕೂ ಕಾರಣ ಇದೆ. ವಿಂಡೋಸ್ ಕನ್ನಡ ಹೆಸರನ್ನು ಒಪ್ಪುತ್ತದೆ, ಆದರೆ ಪ್ರಿಂಟಿಂಗ್ ಕಡೆಯ ಕೆಲವು ಹಳೇ ಸಾಫ್ಟ್‌ವೇರ್‌ಗಳು ಅದನ್ನು ಪ್ರಶ್ನೆ ಚಿಹ್ನೆಗಳ ಸಾಲಾಗಿ ತೋರಿಸುತ್ತವೆ.

ಪ್ರೂಫ್ ವಿಷಯದಲ್ಲಿ ಒಂದು ತೊಡಕಿದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ನೀವು ಇಟ್ಟ ಹೆಸರು ಹೋಗುತ್ತದೆ. ಅವರ ಫೋನ್‌ನಲ್ಲಿ ಅದು `IMG-` ಎಂದು ಶುರುವಾಗಿ `WA0012` ಎಂದು ಮುಗಿಯುವ ಯಾವುದೋ ಒಂದು ಫೈಲ್. ನಾಲ್ಕು ದಿನ ಬಿಟ್ಟು ಅಧ್ಯಕ್ಷರು ಅದನ್ನೇ ವಾಪಸ್ ಕಳಿಸಿ, "ಇದೇ ಚೆನ್ನಾಗಿತ್ತು, ಇದನ್ನೇ ಹಾಕಿ" ಅನ್ನುತ್ತಾರೆ. ಅದಕ್ಕೆ ಪ್ರೂಫಿನ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ `25-0147 w03` ಅಂತ ಬರೆದ ಒಂದು ಲೇಯರ್ ಇಡಿ. ಪ್ರಿಂಟ್‌ಗೆ ಹೋಗುವಾಗ ಆ ಲೇಯರ್‌ನ ಕಣ್ಣು ಮುಚ್ಚಿ. ಸ್ಕ್ರೀನ್‌ಶಾಟ್ ಬಂದರೂ ಯಾವ ಓಪನ್ ಫೈಲ್ ಅಂತ ಓದಿಕೊಳ್ಳಬಹುದು.

ಕೆಲಸದ ಫೋಲ್ಡರ್ ಒಳಗೆ ಮೂರೇ ಫೋಲ್ಡರ್ ಸಾಕು. ಗಿರಾಕಿ ಕೊಟ್ಟದ್ದೆಲ್ಲ `in`, ಓಪನ್ ಫೈಲ್ `work`, ಹೊರಗೆ ಹೋದದ್ದು `out`. ಪ್ರಿಂಟಿಂಗ್‌ಗೆ ಪೆನ್ ಡ್ರೈವ್ ತುಂಬುವವರು `out` ಬಿಟ್ಟು ಬೇರೆ ಕಡೆ ಕೈ ಹಾಕಬಾರದು.

ಇನ್ನು ಲೈಬ್ರರಿ. ರಥ, ಕಳಶ, ತೋರಣ, ದೀಪ, ಬಾಳೆಕಂಬ, ಇವೆಲ್ಲ ಒಮ್ಮೆ ಕಷ್ಟಪಟ್ಟು ಕಟ್ ಮಾಡಿದ ಮೇಲೆ ಮತ್ತೆ ಮತ್ತೆ ಬೇಕಾಗುತ್ತವೆ. ಎರಡನೇ ಸಲ ಬೇಕಾದ ವಸ್ತುವನ್ನು ಮಾತ್ರ ಲೈಬ್ರರಿಗೆ ಹಾಕಿ. ಸಿಕ್ಕಿದ್ದೆಲ್ಲ ಸುರಿದರೆ ಯಾರೂ ಅಲ್ಲಿ ಹುಡುಕುವುದಿಲ್ಲ. ಅತಿಥಿಗಳ ಫೋಟೊ ಲೈಬ್ರರಿಗೆ ಬೇಡ, ಅದು ಆ ಕೆಲಸದ `in` ಒಳಗೇ ಇರಲಿ.

ಹುಡುಕುವಾಗ ಜಾಸ್ತಿ ಕಾಡುವುದು ಸ್ಪೆಲಿಂಗ್. ತೋರಣವನ್ನು ಒಬ್ಬರು `torana` ಬರೆಯುತ್ತಾರೆ, ಇನ್ನೊಬ್ಬರು `thorana`, ಮತ್ತೊಬ್ಬರು `toran`. ದೀಪ ಕೂಡ `deepa`, `dipa`. ಒಬ್ಬರು ಹುಡುಕಿ ಸಿಗಲಿಲ್ಲ ಅಂತ ಹೊಸದಾಗಿ ಕಟ್ ಮಾಡುತ್ತಾ ಕೂರುತ್ತಾರೆ, ಅದು ಪಕ್ಕದ ಫೋಲ್ಡರ್‌ನಲ್ಲೇ ಇರುತ್ತದೆ. ಅದಕ್ಕೆ ಒಂದು ಹಾಳೆಯಲ್ಲಿ ಒಂದೊಂದು ವಸ್ತುವಿಗೆ ಒಂದೇ ಸ್ಪೆಲಿಂಗ್ ಬರೆದು ಸಿಸ್ಟಮ್ ಪಕ್ಕ ಅಂಟಿಸಿ. ಯಾವುದು ಸರಿ ಅನ್ನುವ ಚರ್ಚೆ ಬೇಡ, ಎಲ್ಲರೂ ಒಂದೇ ಬರೆದರೆ ಆಯಿತು. ವಸ್ತು ಮೊದಲು, ಆಮೇಲೆ ಬಗೆ, ಆಮೇಲೆ ನಂಬರ್: `torana_mavu_02.psd`, `kalasha_hittale_01.psd`.

ಲೈಬ್ರರಿಯಿಂದ ಕೆಲಸಕ್ಕೆ ತರುವಾಗ ಫೋಟೊಶಾಪ್ ಎರಡು ದಾರಿ ಕೊಡುತ್ತದೆ, `Place Linked` ಮತ್ತು `Place Embedded`. ಲಿಂಕ್ ಮಾಡಿದರೆ ಫೈಲ್ ಹಗುರ. ಆದರೆ ಮೂಲ ವಸ್ತುವನ್ನು ಯಾರಾದರೂ ಬೇರೆ ಫೋಲ್ಡರ್‌ಗೆ ಸರಿಸಿದರೆ, ಅಥವಾ ಕೆಲಸದ ಫೈಲ್ ಒಂದನ್ನೇ ಪೆನ್ ಡ್ರೈವ್‌ನಲ್ಲಿ ಒಯ್ದರೆ, ಲೇಯರ್ ಮೇಲೆ ಕೆಂಪು ಪ್ರಶ್ನೆ ಚಿಹ್ನೆ ಬರುತ್ತದೆ. ಇನ್ನೊಂದು ಅಪಾಯ ಅದಕ್ಕಿಂತ ದೊಡ್ಡದು. ಒಬ್ಬ ಗಿರಾಕಿಗೆ ಕಳಶ ಬೆಳ್ಳಿ ಬಣ್ಣದ್ದು ಬೇಕು ಅಂತ ಲೈಬ್ರರಿಯ ಕಳಶವನ್ನೇ ತಿದ್ದಿದರೆ, ಅದಕ್ಕೆ ಲಿಂಕ್ ಆದ ಬೇರೆ ಕೆಲಸಗಳಲ್ಲೂ ಲಿಂಕ್ ಅಪ್‌ಡೇಟ್ ಆದ ಕೂಡಲೇ ಬೆಳ್ಳಿ ಬಣ್ಣ ಬಂದು ಕೂರುತ್ತದೆ. ಪೆನ್ ಡ್ರೈವ್‌ನಲ್ಲಿ ಫೈಲ್ ಓಡಾಡುವ ನಮ್ಮಂಥ ಮೂರು ನಾಲ್ಕು ಜನರ ತಂಡಕ್ಕೆ ಎಂಬೆಡ್ ಮಾಡುವುದೇ ಒಳ್ಳೆಯದು ಅಂತ ನನ್ನ ಖಚಿತ ಅಭಿಪ್ರಾಯ. ಫೈಲ್ ದಪ್ಪವಾಗುತ್ತದೆ, ಆಗಲಿ. ಲೈಬ್ರರಿಯಲ್ಲಿ ತಿದ್ದುವ ಹಕ್ಕು ಒಬ್ಬರಿಗೇ ಇರಲಿ, ಉಳಿದವರಿಗೆ ನೋಡಲು, ಕಾಪಿ ಮಾಡಲು ಮಾತ್ರ.

ಎಂಬೆಡ್ ಮಾಡಿದ ಮೇಲೂ ಒಂದು ಕಡೆ ಎಚ್ಚರ ಬೇಕು. ಒಂದು ದೀಪವನ್ನು `Ctrl+J` ಒತ್ತಿ ಹತ್ತು ಮಾಡಿದರೆ ಆ ಹತ್ತೂ ಒಂದೇ. ಒಂದರ ಒಳಗೆ ಹೋಗಿ ತಿದ್ದಿದರೆ ಎಲ್ಲವೂ ಬದಲಾಗುತ್ತವೆ. ಸಾಲು ದೀಪಕ್ಕೆ ಇದು ಅನುಕೂಲವೇ. ಒಂದು ಮಾತ್ರ ಬೇರೆ ಇರಬೇಕಾದರೆ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ `New Smart Object via Copy` ಆರಿಸಿಕೊಳ್ಳಿ.

ಕನ್ನಡದ ಕೆಲಸದಲ್ಲಿ ಬರುವ ಇನ್ನೊಂದು ತೊಂದರೆ ಫಾಂಟ್. ಫೋಟೊಶಾಪ್ ಅಕ್ಷರದ ಲೇಯರ್‌ಗೆ ಅದರ ಒಳಗಿನ ಮ್ಯಾಟರನ್ನೇ ಹೆಸರಾಗಿ ಇಡುತ್ತದೆ. ನುಡಿಯ ಹಳೇ ಫಾಂಟ್‌ನಲ್ಲಿ "ಶ್ರೀ" ಅಂತ ಟೈಪ್ ಮಾಡಿದ್ದರೆ ಲೇಯರ್ ಪಟ್ಟಿಯಲ್ಲಿ `²æÃ` ಅಂತ ಕಾಣುತ್ತದೆ. ಇಂಥ ಮೂವತ್ತು ಲೇಯರ್ ಇದ್ದರೆ ಯಾವುದು ತಾರೀಖು, ಯಾವುದು ಸ್ಥಳ ಅಂತ ಯಾರಿಗೆ ಗೊತ್ತಾಗಬೇಕು? ಲೇಯರ್ ಅಲ್ಲೇ ಇದ್ದರೂ ಕಳೆದುಹೋದ ಹಾಗೇ. ಟೈಪ್ ಮಾಡಿದ ತಕ್ಷಣ `txt_date`, `txt_place`, `txt_guests` ಅಂತ ಹೆಸರು ಕೊಡಿ. ಒಮ್ಮೆ ಕೈಯಿಂದ ಹೆಸರಿಟ್ಟರೆ ಮ್ಯಾಟರ್ ಬದಲಾದರೂ ಆ ಹೆಸರು ಹಾಗೇ ನಿಲ್ಲುತ್ತದೆ.

ಆ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ಫೈಲ್ ತೆರೆದಾಗ ಅಕ್ಷರ ಸರಿಯಾಗಿಯೇ ಕಾಣಬಹುದು. ತಿದ್ದಲು ಒಳಗೆ ಹೋಗಿ ಫಾಂಟ್ ಬದಲಿಸಲು ಒಪ್ಪಿದ ಕ್ಷಣ ಎಲ್ಲವೂ ಆ `²æÃ` ಥರದ ಅಕ್ಷರಗಳಾಗುತ್ತವೆ. ಅದಕ್ಕೆ ಮೂರು ವಸ್ತು ಒಟ್ಟಿಗೆ ಇರಲಿ. ಬಳಸಿದ ಫಾಂಟ್‌ಗಳು ಲೈಬ್ರರಿಯ `fonts` ಒಳಗೆ ಇರಬೇಕು. ಪೂರ್ತಿ ಮ್ಯಾಟರ್ ಯೂನಿಕೋಡ್‌ನಲ್ಲಿ ಒಂದು `matter.txt` ಆಗಿ `in` ಒಳಗೆ ಇರಬೇಕು. ಪ್ರಿಂಟ್‌ಗೆ ಹೋಗುವ ಫೈಲ್‌ನಲ್ಲಿ ಅಕ್ಷರವನ್ನು `Convert to Shape` ಮಾಡುವುದಾದರೆ, ಅದರ ಮೊದಲು ಅಕ್ಷರದ ಲೇಯರ್‌ನ ಒಂದು ಕಾಪಿ ಮಾಡಿ, ಕಣ್ಣು ಮುಚ್ಚಿ, `txt_live` ಅನ್ನುವ ಗ್ರೂಪ್‌ನಲ್ಲಿ ಇಡಬೇಕು. `Flatten Image` ಒತ್ತಿದರೆ ಮೊದಲು ಹೋಗುವುದು ಇಂಥ ಕಣ್ಣು ಮುಚ್ಚಿದ ಲೇಯರ್‌ಗಳೇ. ಜೆಪೆಗ್ ಬೇಕಾದಾಗ ಫ್ಲಾಟನ್ ಮಾಡುವ ಅಗತ್ಯವೇ ಇಲ್ಲ, `Save a Copy` ಸಾಕು. ಓಪನ್ ಫೈಲ್ ಇದ್ದ ಹಾಗೇ ಇರುತ್ತದೆ.

ಕೆಲಸ ಮುಗಿದ ದಿನ ಒಂದು ಪರೀಕ್ಷೆ ಮಾಡಿ. ಫೈಲ್ ಮಾಡಿದವರಲ್ಲ, ಇನ್ನೊಬ್ಬರು ಇನ್ನೊಂದು ಸಿಸ್ಟಮ್‌ನಲ್ಲಿ ಕೊನೆಯ `w` ತೆರೆಯಬೇಕು. ಲೇಯರ್ ಪಟ್ಟಿಯಲ್ಲಿ ಬೀಗ ಹಾಕಿದ `Background` ಒಂದೇ ಇದ್ದರೆ ಲೇಯರ್ ಹೋಗಿದೆ. ಕೆಂಪು ಪ್ರಶ್ನೆ ಚಿಹ್ನೆ ಇದ್ದರೆ ಲಿಂಕ್ ಹರಿದಿದೆ. ಅಕ್ಷರದ ಲೇಯರ್ ಮೇಲೆ ಎಚ್ಚರಿಕೆಯ ಗುರುತು ಇದ್ದರೆ ಫಾಂಟ್ ಇಲ್ಲ. ಆಮೇಲೆ ಅವರು `txt_date` ಹುಡುಕಿ ತಾರೀಖು ಬದಲಿಸಿ ನೋಡಲಿ, ಸೇವ್ ಮಾಡದೆ ಮುಚ್ಚಲಿ. ಏನಾದರೂ ಕೆಟ್ಟಿದ್ದರೆ ಅವತ್ತು ಸರಿ ಮಾಡಬಹುದು, ಮಾಡಿದವರು ಪಕ್ಕದಲ್ಲೇ ಇರುತ್ತಾರೆ.

ಹಳೇ ಹಾರ್ಡ್ ಡಿಸ್ಕ್ ಏನು ಮಾಡುವುದು ಅಂತ ಆಗಲೇ ಒಬ್ಬರು ಕೇಳಿದರು. ಅದನ್ನೆಲ್ಲ ಕೂತು ಹೊಸ ಹೆಸರಿಗೆ ಬದಲಿಸಲು ಹೋಗಬೇಡಿ. ಹೆಸರು ಬದಲಿಸಿದರೆ ಹಳೇ ಲಿಂಕ್‌ಗಳೂ ಹರಿಯುತ್ತವೆ. ಅದನ್ನು ಇದ್ದ ಹಾಗೇ ಇಟ್ಟು, ಯಾವ ಗಿರಾಕಿ ವಾಪಸ್ ಬರುತ್ತಾರೋ ಅವರ ಫೈಲನ್ನು ಮಾತ್ರ ಕಾಪಿ ಮಾಡಿ, ಹೊಸ ನಂಬರ್ ಕೊಟ್ಟು, `w01` ಅಂತ ಹೊಸ ಫೋಲ್ಡರ್‌ಗೆ ತನ್ನಿ. ಅದರೊಳಗಿನ ರಥ, ತೋರಣ ಚೆನ್ನಾಗಿದ್ದರೆ ಅವತ್ತೇ ಲೈಬ್ರರಿಗೂ ಹಾಕಿ.