ಇಮೇಲ್‌ನಲ್ಲಿರುವ ಆ ವೇಗದ ಅಂಕಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೊಸದಾಗಿ ನಡಿಗೆ ಶುರುಮಾಡಿದವರಿಗೆ ನಾನು ವಾರಕ್ಕೊಂದು ಇಮೇಲ್ ಕಳಿಸುತ್ತೇನೆ. ಎಂಟು ವಾರ, ಎಂಟು ಇಮೇಲ್. ಮೊದಲ ವಾರ ಒಂದೂವರೆ ಕಿಲೋಮೀಟರ್. ಆಮೇಲೆ ವಾರವಾರ ಅರ್ಧರ್ಧ ಕಿಲೋಮೀಟರ್ ಏರಿಸುತ್ತಾ ಹೋದರೆ ಎಂಟನೇ ವಾರಕ್ಕೆ 5 ಕಿಲೋಮೀಟರ್. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಇಮೇಲ್‌ನ ಕೊನೆಯ ಸಾಲಿನಲ್ಲಿ. ಅಲ್ಲಿ ‘ಗುರಿ ವೇಗ ಗಂಟೆಗೆ 4.8 ಕಿಲೋಮೀಟರ್’ ಅಂತ ಬರೆದಿರುತ್ತದೆ. ಅದು ಇಡೀ ನಡಿಗೆಯ ಸರಾಸರಿ. ಬಾಗಿಲು ದಾಟಿದ ಕೂಡಲೇ ಹಿಡಿಯಬೇಕಾದ ವೇಗ ಅಲ್ಲ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

ಮೊದಲು ಆ ಅಂಕಿಯನ್ನು ನಿಮಿಷಕ್ಕೆ ಇಳಿಸಿಕೊಳ್ಳಿ. 60ನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ ಸಿಗುತ್ತದೆ. ವೇಗ 4 ಆದರೆ 15 ನಿಮಿಷ, 5 ಆದರೆ 12 ನಿಮಿಷ, 4.8 ಆದರೆ ಹನ್ನೆರಡೂವರೆ. ಫೋನಿನ ಪರದೆಯಲ್ಲಿ ಕ್ಷಣಕ್ಷಣಕ್ಕೂ ಕುಣಿಯುವ ವೇಗವನ್ನು ದಯವಿಟ್ಟು ನೋಡಬೇಡಿ. ಮರದಡಿ ಹೋದರೆ ಅದು ಒಂದು ಹೇಳುತ್ತದೆ, ಬಯಲಿಗೆ ಬಂದರೆ ಇನ್ನೊಂದು. ಕಿಲೋಮೀಟರ್ ಮುಗಿದಾಗ ಎಷ್ಟು ನಿಮಿಷವಾಯಿತು, ಅಷ್ಟು ನೋಡಿದರೆ ಸಾಕು.

ನನ್ನ ಹತ್ತಿರ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು ನಡೆಯುತ್ತಿದ್ದರು. ಆರನೇ ವಾರದ ಇಮೇಲ್‌ನಲ್ಲಿ 4 ಕಿಲೋಮೀಟರ್, ವೇಗ 4.8 ಅಂತ ಇತ್ತು. ಒಟ್ಟು 50 ನಿಮಿಷ. ಶನಿವಾರ ಸಂಜೆ ಅವರ ಉತ್ತರ ಬಂತು: “50 ನಿಮಿಷಕ್ಕೆ ಸರಿಯಾಗಿ ಮುಗಿಸಿದೆ. ಆದರೆ ಕಾಲು ಉರಿಯುತ್ತಿದೆ. ನಿಮ್ಮ ಲೆಕ್ಕ ತಪ್ಪಿರಬೇಕು.” ಮೇಷ್ಟ್ರಲ್ಲವೇ, ಲೆಕ್ಕ ಕೇಳಿದರೆ ಬಿಡುತ್ತಾರೆಯೇ? ಪ್ರತಿ ಕಿಲೋಮೀಟರಿನ ಸಮಯ ಕಳಿಸಿ ಅಂದೆ. ನೀಟಾಗಿ ಬರೆದು ಕಳಿಸಿದರು. ಮೊದಲನೆಯದು ಹತ್ತೂವರೆ ನಿಮಿಷ, ಎರಡನೆಯದು ಹನ್ನೊಂದೂವರೆ, ಮೂರನೆಯದು 13, ನಾಲ್ಕನೆಯದು 15. ಕೂಡಿಸಿ ನೋಡಿ, 50 ಬರುತ್ತದೆ. ಆದರೆ ಮೊದಲ ಕಿಲೋಮೀಟರನ್ನು ಅವರು ಗಂಟೆಗೆ ಸುಮಾರು 5.7ರ ವೇಗದಲ್ಲಿ ನಡೆದಿದ್ದರು. ಕೊನೆಯದನ್ನು 4ರಲ್ಲಿ, ಕುಂಟುತ್ತಾ.

“ಎಲ್ಲಿ ಉರಿಯುತ್ತದೆ ಮೇಷ್ಟ್ರೇ?” ಅಂತ ಫೋನ್ ಮಾಡಿ ಕೇಳಿದೆ. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿ ಅಂದರು. ಹೆಜ್ಜೆ ಹೆಜ್ಜೆಗೂ ಪಾದದ ಮುಂಭಾಗವನ್ನು ಎತ್ತಿ ಹಿಡಿದು ಮೆಲ್ಲಗೆ ನೆಲಕ್ಕಿಳಿಸುವುದು ಅಲ್ಲಿರುವ ಸ್ನಾಯು. ಮೈ ಬಿಸಿಯಾಗುವ ಮೊದಲೇ ಉದ್ದುದ್ದ ಹೆಜ್ಜೆ ಹಾಕಿದರೆ ಅದು ಬೇಗ ಸೋಲುತ್ತದೆ. ಸೋತಿದೆ ಅಂತ ಕಿವಿಯಿಂದಲೇ ಗೊತ್ತಾಗುತ್ತದೆ: ಪಾದ ಮೆಲ್ಲಗೆ ಇಳಿಯುವ ಬದಲು ಚಪ್ಪಾಳೆ ಹೊಡೆದ ಹಾಗೆ ಪಟ್ ಪಟ್ ಅಂತ ನೆಲಕ್ಕೆ ಬಡಿಯುತ್ತದೆ. ಆ ಸದ್ದು ಕೇಳಿದ ಕೂಡಲೇ ಹೆಜ್ಜೆ ಚಿಕ್ಕದು ಮಾಡಿ, ನಾಲ್ಕೈದು ನಿಮಿಷ ನಿಧಾನವಾಗಿ ನಡೆಯಿರಿ. ಮೇಷ್ಟ್ರಿಗೂ ಆ ಸದ್ದು ಎರಡನೇ ಕಿಲೋಮೀಟರಿನಲ್ಲೇ ಕೇಳಿಸಿತ್ತಂತೆ. ಶೂ ಸರಿಯಿಲ್ಲ ಅಂದುಕೊಂಡು ಹೋದರಂತೆ!

ಉರಿ ಪೂರ್ತಿ ಇಳಿದ ಮೇಲೆ ಅದೇ ದೂರ, ಅದೇ ಗುರಿ ಮತ್ತೆ ಕೊಟ್ಟೆ. ಒಂದೇ ಷರತ್ತು: ಮೊದಲ ಕಿಲೋಮೀಟರಿಗೆ 13 ನಿಮಿಷಕ್ಕಿಂತ ಕಡಿಮೆ ತೆಗೆದುಕೊಳ್ಳಬಾರದು. ಇಷ್ಟು ನಿಧಾನಕ್ಕೆ ಹೋದರೆ ಗುರಿ ತಪ್ಪುತ್ತದೆ ಅಂತ ವಾದ ಮಾಡಿದರು. ಆದರೂ ನಡೆದರು. ಹದಿಮೂರೂವರೆ, ಹನ್ನೆರಡೂವರೆ, 12, 12. ಕೂಡಿಸಿ. ಮತ್ತೆ 50! ಉರಿಯಿಲ್ಲ, ಸದ್ದಿಲ್ಲ, ಕೊನೆಯ ಕಿಲೋಮೀಟರಿನಲ್ಲಿ ಪಕ್ಕದವರ ಜೊತೆ ಮಾತಾಡಿಕೊಂಡು ಬಂದರು. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಆ ಅಂಕಿ ಸರಾಸರಿ. ಸರಾಸರಿ!

ಮೇಷ್ಟ್ರ ಕಥೆಯಲ್ಲೇ ಹೊತ್ತು ಹೋಯಿತು. ಉಳಿದ ಎರಡು ಮಾತು ಬೇಗ ಹೇಳಿಬಿಡುತ್ತೇನೆ. ವೇಗದ ಗುರಿ ವಾರದಲ್ಲಿ ಒಂದು ದಿನಕ್ಕೆ ಮಾತ್ರ. ಉಳಿದ ದಿನ ಗಡಿಯಾರ ನೋಡದೆ, ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಆರಾಮವಾಗಿ ನಡೆಯಿರಿ. ಇನ್ನು ಉರಿಯ ಬದಲು ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವು, ಕೂತಾಗಲೂ ನೋವು ಅಂತಾದರೆ ಅದು ಬೇರೆ ವಿಷಯ. ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಹಾಂ, ಜ್ವರವೋ ಪ್ರಯಾಣವೋ ಬಂದು ಒಂದು ವಾರ ತಪ್ಪಿಹೋದರೆ ಹೊಸ ಇಮೇಲ್ ತೆರೆಯಬೇಡಿ. ಕೊನೆಗೆ ಪೂರ್ತಿ ಮಾಡಿದ ವಾರದ ಇಮೇಲ್ ಹುಡುಕಿ, ಅದನ್ನೇ ಇನ್ನೊಮ್ಮೆ ನಡೆಯಿರಿ. ನಮಸ್ಕಾರ.