ಎರಡು ಹಸು, ಎಂಟು ಮನೆ

ಕೇಳುಗರಿಗೆಲ್ಲ ನಮಸ್ಕಾರ.

ದಾವಣಗೆರೆಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿ ನಮ್ಮದು. ಕೊಟ್ಟಿಗೆಯಲ್ಲಿ ಗಂಗಿ, ಗೌರಿ ಅಂತ ಎರಡು ಮಿಶ್ರತಳಿ ಹಸುಗಳಿವೆ. ಬೆಳಿಗ್ಗೆ ನಮ್ಮ ಯಜಮಾನರು ಹಾಲು, ಮೊಸರು ತಗೊಂಡು ವಿದ್ಯಾನಗರದ ಕಡೆಗೆ ಹೊರಟರೆ ನಾನು ಮಿಕ್ಕ ಹಾಲನ್ನು ಊರ ಡೇರಿಗೆ ಹಾಕಿ ಬರುತ್ತೇನೆ. ಒಂದೆರಡು ಹಸುವಿನಿಂದ ದಿನಾ ಕೈಗೆ ಕಾಸು ಬರುವಂತೆ ಮಾಡುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ ನಮ್ಮ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಾವು ಎಡವಿದ್ದನ್ನು ಹೇಳುತ್ತೇನೆ. ಎರಡೂ ಹಸುಗಳನ್ನು ಒಂದೇ ಸಲ ಕೊಂಡೆವು. ಎರಡೂ ಆಗಷ್ಟೇ ಕರು ಹಾಕಿದ್ದವು. ಮನೆ ತುಂಬ ಹಾಲು. ದಿನಕ್ಕೆ 18 ಲೀಟರ್ ಆಗುತ್ತಿತ್ತು. ಆ ಹುರುಪಿನಲ್ಲಿ ಪೇಟೆಯ ಇಪ್ಪತ್ತು ಮನೆಗಳಿಗೆ ವರ್ತನೆ, ಅಂದರೆ ದಿನಾ ತಪ್ಪದೆ ಹಾಲು ಹಾಕುವುದನ್ನು ಒಪ್ಪಿಕೊಂಡೆವು. ಆದರೆ ಒಟ್ಟಿಗೆ ಕರು ಹಾಕಿದ ಹಸು ಒಟ್ಟಿಗೇ ಗಬ್ಬವಾಗುತ್ತವೆ, ಒಟ್ಟಿಗೇ ಬತ್ತುತ್ತವೆ. ಮುಂದಿನ ಕರುವಿಗೆ ಎರಡು ತಿಂಗಳು ಮುಂಚೆ ಹಾಲು ಬಿಡಿಸಲೇಬೇಕು. ಇಲ್ಲದಿದ್ದರೆ ಕೆಚ್ಚಲಿಗೆ ವಿಶ್ರಾಂತಿ ಸಿಗದೆ ಮುಂದಿನ ಸಲ ಹಾಲು ಕಡಿಮೆಯಾಗುತ್ತದೆ. ಹಾಗಾಗಿ ಆ ಎರಡು ತಿಂಗಳು ನಮ್ಮ ಕ್ಯಾನು ಖಾಲಿ. ಇಪ್ಪತ್ತು ಮನೆಯವರೂ ಪ್ಯಾಕೆಟ್ ಹಾಲಿಗೆ ಹೋದರು. ಹಸು ಮತ್ತೆ ಕರು ಹಾಕಿದ ಮೇಲೆ ಮನೆಮನೆಗೆ ಹೋಗಿ ಕೇಳಿದರೆ ಅರ್ಧ ಜನವೂ ವಾಪಸ್ ಬರಲಿಲ್ಲ. ತಪ್ಪು ಅವರದಲ್ಲ. ಬೆಳಿಗ್ಗೆ ಆರಕ್ಕೆ ಹಾಲು ಬೇಕೆನ್ನುವ ಮನೆಗೆ ಬೇಕಿರುವುದು ದಿನವೂ ತಪ್ಪದ ಅರ್ಧ ಲೀಟರ್.

ಆಮೇಲೆ ಎರಡರ ನಡುವೆ ಅಂತರ ಮಾಡಿದೆವು. ಗಂಗಿ ಕರು ಹಾಕಿದ ಮೂರನೇ ತಿಂಗಳಿಗೆ ಬೆದೆಗೆ ಬಂದಾಗ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸಿದೆವು. ಗೌರಿಗೆ ಬೇಕೆಂದೇ ನಾಲ್ಕು ಬೆದೆ ಬಿಟ್ಟೆವು. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಹಾಗಾಗಿ ಸುಮಾರು ಮೂರು ತಿಂಗಳು ಹಿಂದೆ ಬಿತ್ತು. ಐದನೆಯದಕ್ಕೆ ಕೊಡಿಸಿದ್ದು ನಿಲ್ಲಲಿಲ್ಲ, ಆರನೆಯದಕ್ಕೆ ಗಬ್ಬ ನಿಂತಿತು. ಈಗ ಗಂಗಿ ಡಿಸೆಂಬರಿಗೆ, ಗೌರಿ ಮಾರ್ಚ್ ಕೊನೆಗೆ ಕರು ಹಾಕುತ್ತವೆ. ಹೀಗೆ ತಡ ಮಾಡಿದರೆ ನಷ್ಟವೂ ಇದೆ, ಕೊನೆಕೊನೆಗೆ ಗೌರಿ ಮೂರೇ ಲೀಟರ್ ಕೊಡುತ್ತಿತ್ತು. ಅದಕ್ಕೇ ಇದನ್ನು ಒಂದು ಸಲ ಮಾತ್ರ ಮಾಡಬೇಕು. ಎರಡನೇ ಹಸುವನ್ನು ಈಗ ಕೊಳ್ಳುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಮೊದಲನೆಯದು ಕರು ಹಾಕಿದ ಹೊಸತರಲ್ಲಿ, ಮೂರು ನಾಲ್ಕು ತಿಂಗಳ ಗಬ್ಬದ ಹಸುವನ್ನು ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ ತನ್ನಿ.

ಈಗ ವರ್ತನೆಯ ಮಾತು. ನಮ್ಮಲ್ಲಿ ಹಾಲು ಅತಿ ಕಡಿಮೆಯಾಗುವುದು ಅಕ್ಟೋಬರ್, ನವೆಂಬರಿನಲ್ಲಿ. ಗಂಗಿ ಬತ್ತಿರುತ್ತದೆ, ಗೌರಿ ಏಳೆಂಟು ತಿಂಗಳ ಕರೆವು, ದಿನಕ್ಕೆ ಐದೇ ಲೀಟರ್. ಅದರಲ್ಲಿ ಮನೆಗೆ ಒಂದು. ಉಳಿದ ನಾಲ್ಕೇ ಲೀಟರ್ ನಾವು ಮಾತು ಕೊಡಬಹುದಾದ ಹಾಲು. ಅರ್ಧರ್ಧ ಲೀಟರಿನಂತೆ ಎಂಟು ಮನೆ. ಏಪ್ರಿಲಿನಲ್ಲಿ 15 ಲೀಟರ್ ಕರೆದರೂ ಎಂಟೇ ಮನೆ. ಒಂಬತ್ತನೆಯವರು ಬಂದು ಕೇಳಿದರೆ ಮೊಸರು ಕೊಡುತ್ತೇವೆ, ಹಾಲಿನ ವರ್ತನೆ ಹಿಡಿಯುವುದಿಲ್ಲ.

ಏಪ್ರಿಲಿನ ಆ 15 ಲೀಟರ್ ಹೀಗೆ ಹಂಚಿಹೋಗುತ್ತದೆ. ಮನೆಗೆ ಒಂದು, ವರ್ತನೆಗೆ ನಾಲ್ಕು, ಮೊಸರಿಗೆ ನಾಲ್ಕು, ಡೇರಿಗೆ ಆರು. ವರ್ತನೆಯ ಹಾಲು ಲೀಟರಿಗೆ 50 ರೂಪಾಯಿಯಂತೆ 200 ಆಯಿತು. ಮೊಸರು 60ರಂತೆ, ಸಾಧಾರಣವಾಗಿ ಮೂರು ಲೀಟರ್ ಹೋಗುತ್ತದೆ, 180. ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಮಿಕ್ಕ ಗಟ್ಟಿ ಅಂಶ ನೋಡಿ ದರ ಕಟ್ಟುತ್ತಾರೆ, ನಮಗೆ ಹತ್ತಿರ ಹತ್ತಿರ 34 ಬೀಳುತ್ತದೆ, 204. ಒಟ್ಟು 584. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುವುದರಿಂದ ದಿನದ ಲೆಕ್ಕಕ್ಕೆ ನಾನು ಅದನ್ನು ಸೇರಿಸುವುದಿಲ್ಲ. ಹಿಂಡಿ, ಬೂಸಕ್ಕೆ ಸುಮಾರು 250 ಹೋದರೆ 330ರ ಆಸುಪಾಸು ಉಳಿಯುತ್ತದೆ. ಮೆಕ್ಕೆಜೋಳದ ಸಪ್ಪೆ, ಹಸಿಹುಲ್ಲು ನಮ್ಮ ಹೊಲದ್ದೇ. ಕೊಂಡು ಹಾಕುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಅಕ್ಟೋಬರಿನ ಲೆಕ್ಕ ಹೇಳಿದರೆ ನಿಮಗೆ ಬೇಸರವಾದೀತು. ವರ್ತನೆಯ 200 ಬಿಟ್ಟರೆ ಬೇರೇನೂ ಇಲ್ಲ. ಬತ್ತಿದ ಹಸುವಿಗೂ ಹಿಂಡಿ ಹಾಕಲೇಬೇಕು, ಎರಡಕ್ಕೂ ಸೇರಿ 140 ಹೋಗುತ್ತದೆ. ಉಳಿಯುವುದು 60 ರೂಪಾಯಿ. ಈ ತಗ್ಗನ್ನು ತುಂಬುವುದು ತುಪ್ಪ.

ತುಪ್ಪಕ್ಕೆ ಒಳ್ಳೆ ಬೆಲೆ ಇದೆ ಅಂತ ಒಳ್ಳೆ ಹಾಲನ್ನೇ ತುಪ್ಪ ಮಾಡಲು ಹೋಗಬೇಡಿ. ನಮ್ಮ ಹಸುಗಳ ಹಾಲಿನಲ್ಲಿ ಒಂದು ಕೆಜಿ ತುಪ್ಪಕ್ಕೆ ಸುಮಾರು 30 ಲೀಟರ್ ಬೇಕು. ಆ ಹಾಲನ್ನು ಮನೆಗಳಿಗೆ ಕೊಟ್ಟಿದ್ದರೆ 1500 ರೂಪಾಯಿ, ಡೇರಿಗೆ ಹಾಕಿದ್ದರೂ ಸಾವಿರದ ಮೇಲೆ. ನಮ್ಮ ತುಪ್ಪಕ್ಕೆ ಸಿಗುವುದು ಕೆಜಿಗೆ 900. ಅದಕ್ಕೇ ನಾವು ತುಪ್ಪ ಮಾಡುವುದು ಮಾರಾಟವಾಗದೆ ಉಳಿದ ಮೊಸರಿನಿಂದ ಮಾತ್ರ. ದಿನಕ್ಕೆ ಒಂದು ಲೀಟರ್ ಉಳಿಯಿತು ಅಂದುಕೊಳ್ಳಿ. ಅದನ್ನು ಫ್ರಿಜ್ಜಿನಲ್ಲಿಟ್ಟು ವಾರಕ್ಕೆರಡು ಸಲ ಕಡೆಯುತ್ತೇನೆ. ಅದಕ್ಕಿಂತ ತಡವಾದರೆ ಹುಳಿ ವಾಸನೆ ತುಪ್ಪಕ್ಕೂ ಹತ್ತುತ್ತದೆ. ಬೇಸಿಗೆಯಲ್ಲಿ ತಣ್ಣೀರು ಹಾಕಿ ಕಡೆಯಬೇಕು, ಇಲ್ಲದಿದ್ದರೆ ಬೆಣ್ಣೆ ಮುದ್ದೆ ಕಟ್ಟದೆ ಮಜ್ಜಿಗೆಯಲ್ಲೇ ಕರಗಿ ಹೋಗುತ್ತದೆ. ಬೆಣ್ಣೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಮೊದಮೊದಲು ಚಟಪಟ ಅನ್ನುತ್ತದೆ, ಅದು ನೀರಿನ ಸದ್ದು. ಸದ್ದು ಅಡಗಿ, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದಾಗ ಒಂದು ವೀಳ್ಯದೆಲೆ ಹಾಕಿ ಇಳಿಸುತ್ತೇನೆ. ಎಲೆ ಗರಿಗರಿಯಾದರೆ ನೀರು ಹೋಗಿದೆ ಅಂತ ಅರ್ಥ. ನೀರಿನಂಶ ಉಳಿದ ತುಪ್ಪ ಎರಡು ತಿಂಗಳೂ ಇರುವುದಿಲ್ಲ. ಚೆನ್ನಾಗಿ ಕಾದದ್ದನ್ನು ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ದಸರಾ ದಾಟಿ ದೀಪಾವಳಿಗೂ ಘಮಘಮ ಅನ್ನುತ್ತದೆ.

ಕಳೆದ ವರ್ಷ ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಹೀಗೆ ಆರು ಕೆಜಿಯ ಹತ್ತಿರ ತುಪ್ಪವಾಯಿತು. ಒಂದು ಕೆಜಿ ಮನೆಗಿಟ್ಟು ಐದು ಕೆಜಿಯನ್ನು ಹಬ್ಬದ ಹೊತ್ತಿಗೆ ಅದೇ ಎಂಟು ಮನೆಗೆ ಮಾರಿದೆವು. 4500 ರೂಪಾಯಿ. ಬತ್ತಿದ 60 ದಿನಕ್ಕೆ ಹಂಚಿದರೆ ದಿನಕ್ಕೆ 75 ಆಯಿತು. ಉಳಿಯುತ್ತಿದ್ದ 60ರ ಜೊತೆಗೆ ಇದು ಸೇರಿತು.

ಮೊಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಮ್ಮೆ ಗೌರಿಗೆ ಕೆಚ್ಚಲು ಬಾವು ಬಂದು ಡಾಕ್ಟರು ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಬಾವು ಇಳಿಯಿತು, ಹಾಲು ನೋಡಲು ಚೆನ್ನಾಗಿತ್ತು. ರಾತ್ರಿ ಹೆಪ್ಪು ಹಾಕಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ಹಾಲು ಹಾಲಾಗಿಯೇ ಇದೆ, ಒಂದು ಗೆರೆಯೂ ಕಟ್ಟಿಲ್ಲ. ಹಾಲಿನಲ್ಲಿ ಉಳಿದಿದ್ದ ಔಷಧಿ ಹೆಪ್ಪಿನ ಜೀವಾಣುಗಳನ್ನೇ ಕೊಂದಿತ್ತು. ಆ ಹಾಲು ಮಕ್ಕಳ ಹೊಟ್ಟೆಗೆ ಹೋಗಿದ್ದರೆ ಅಂತ ನೆನೆದು ನನಗೆ ಕೈ ನಡುಗಿತು. ಈಗ ಡಾಕ್ಟರು ಎಷ್ಟು ದಿನ ಬಿಡಬೇಕು ಅನ್ನುತ್ತಾರೋ ಅಷ್ಟೂ ದಿನ ಆ ಹಸುವಿನ ಹಾಲನ್ನು ಚೆಲ್ಲುತ್ತೇವೆ. ದಿನಾ ಕರೆಯುವ ಮುಂಚೆ ಪ್ರತಿ ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡುತ್ತೇನೆ. ಬಿಳಿ ಚೂರು ಕಂಡರೆ ಬಾವು ಶುರುವಾಗಿದೆ ಅಂತ ಲೆಕ್ಕ, ಕೆಚ್ಚಲು ಊದುವವರೆಗೆ ಕಾಯುವುದಿಲ್ಲ.

ಮೊನ್ನೆ ಗಂಗಿಗೆ ಹಾಲು ಬಿಡಿಸಿದೆವು. ನಾಳೆಯಿಂದ ಕ್ಯಾನಿನಲ್ಲಿ ನಾಲ್ಕೇ ಲೀಟರ್ ಇರುತ್ತದೆ, ಜೊತೆಗೆ ಚೀಲದಲ್ಲಿ ತುಪ್ಪದ ಡಬ್ಬಿಗಳು. ನಮಸ್ಕಾರ.