ಮೊದಲು ಸೊಂಟ, ಆಮೇಲೆ ಪಾದ

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಗೇಮ್ ಮಾಡುವವರು, ಐಕೆ ಅಂದರೆ ಏನು ಅಂತ ಶುರುವಿನಿಂದ ಹೇಳಬೇಕಾಗಿಲ್ಲ. ಪಾದ ಎಲ್ಲಿರಬೇಕು ಅಂತ ಹೇಳಿದರೆ, ಮಂಡಿ ಎಷ್ಟು ಮಡಚಬೇಕು ಅನ್ನುವುದನ್ನು ಲೆಕ್ಕ ಹಾಕಿ ಕೊಡುತ್ತದೆ. ನಾನು ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಮೆಟ್ಟಿಲ ಮೇಲೆ ಪಾದ ಸರಿಯಾಗಿ ಕೂರುತ್ತಿಲ್ಲ ಅಂದರೆ ಪಾದವನ್ನು ನೋಡಬೇಡಿ, ಸೊಂಟವನ್ನು ನೋಡಿ.

ಹೊರಗೆ ಹೋದಾಗ ಒಂದು ಕೆಲಸ ಮಾಡಿ. ಮೆಟ್ಟಿಲಿಗೆ ಅಡ್ಡವಾಗಿ ನಿಲ್ಲಿ. ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗಿನದರಲ್ಲಿ. ಕೆಳಗಿನ ಕಾಲು ಹೆಚ್ಚುಕಡಿಮೆ ನೇರವಾಗಿರುತ್ತದೆ, ಮೇಲಿನದು ಚೆನ್ನಾಗಿ ಮಡಚಿರುತ್ತದೆ. ಅಂದರೆ ನಿಮ್ಮ ಸೊಂಟ ಕೆಳಗಿನ ಪಾದದ ಮಾತು ಕೇಳುತ್ತಿದೆ. ಮೇಲಿನ ಪಾದದ್ದಲ್ಲ.

ಈಗ ನಮ್ಮ ಕ್ಯಾರೆಕ್ಟರ್ ವಿಷಯಕ್ಕೆ ಬರೋಣ. ತೊಡೆಯ ಮೂಳೆ 44 ಸೆಂಟಿಮೀಟರ್, ಮಂಡಿಯ ಕೆಳಗಿನದು 42 ಅಂತ ಇಟ್ಟುಕೊಳ್ಳಿ. ಪೂರ್ತಿ ಚಾಚಿದರೆ 86. ಅನಿಮೇಟರ್ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿದಾಗ ಸೊಂಟದ ಕೀಲಿನಿಂದ ಪಾದದ ಕೀಲಿಗೆ 84 ಇದೆ. ಮೆಟ್ಟಿಲಿನ ಎತ್ತರ 18. ಕ್ಯಾಪ್ಸೂಲ್ ಮೇಲಿನ ಮೆಟ್ಟಿಲ ಮೇಲೆ ನಿಂತಿದೆ. ಎರಡೂ ಪಾದದ ಮೇಲಿನಿಂದ ಕೆಳಕ್ಕೆ ರೇ ಬಿಡುತ್ತೇವೆ. ಕ್ಯಾಪ್ಸೂಲಿನ ಬುಡಕ್ಕೆ ಹೋಲಿಸಿದರೆ ಮೇಲಿನ ಪಾದದ ನೆಲಕ್ಕೆ ವ್ಯತ್ಯಾಸ ಸೊನ್ನೆ, ಕೆಳಗಿನದಕ್ಕೆ ಮೈನಸ್ 18. ಕೆಳಗಿನ ಪಾದ ಮೆಟ್ಟಿಲು ಮುಟ್ಟಬೇಕಾದರೆ ಕಾಲು 102 ಸೆಂಟಿಮೀಟರ್ ಚಾಚಬೇಕು. ಇರುವುದೇ 86. ಹಾಗಾಗಿ ಕಾಲು ಕೋಲಿನ ಹಾಗೆ ಸೆಟೆದುಕೊಂಡು, ಪಾದ 16 ಸೆಂಟಿಮೀಟರ್ ಗಾಳಿಯಲ್ಲಿ ತೇಲುತ್ತದೆ. ಐಕೆ ಕೆಟ್ಟಿಲ್ಲ, ನಾವು ಕೇಳಿದ್ದೇ ಆಗದ ಕೆಲಸ.

ಇದಕ್ಕೆ ಬೇಕಿರುವುದು ಇಷ್ಟೇ:

```
offL = groundL - rootY
offR = groundR - rootY
pelvisOffset = min(offL, offR)
```

ಮೊದಲು ಸೊಂಟವನ್ನು 18 ಇಳಿಸಿ, ಆಮೇಲೆ ಎರಡೂ ಕಾಲಿಗೆ ಐಕೆ ನಡೆಸಿ. ಕೆಳಗಿನ ಕಾಲಿಗೆ ಅದೇ 84 ಸಿಗುತ್ತದೆ, ಮಂಡಿಯ ಕೋನ ಸುಮಾರು 155 ಡಿಗ್ರಿ. ಮೇಲಿನ ಕಾಲಿಗೆ 66 ಉಳಿಯುತ್ತದೆ, ಮಂಡಿ ಸುಮಾರು 100 ಡಿಗ್ರಿಗೆ ಮಡಚುತ್ತದೆ. ನೀವು ಮೆಟ್ಟಿಲ ಮೇಲೆ ನಿಂತ ಹಾಗೆಯೇ, ಅಲ್ವಾ?

ಇಲ್ಲೊಂದು ಎಚ್ಚರಿಕೆ. ರೇ ತಾಗಿದ ಜಾಗಕ್ಕೆ ಪಾದದ ಕೀಲನ್ನು ನೇರವಾಗಿ ಅಂಟಿಸಬೇಡಿ. ಕೀಲು ಅಂಗಾಲಿಗಿಂತ ಎಂಟು ಹತ್ತು ಸೆಂಟಿಮೀಟರ್ ಮೇಲಿರುತ್ತದೆ. ಅನಿಮೇಶನ್ ಕೊಟ್ಟ ಎತ್ತರಕ್ಕೆ ಆಯಾ ಪಾದದ offL ಅಥವಾ offR ಅನ್ನು ಕೂಡಿಸಿ. ಆಗ ಎತ್ತಿದ ಪಾದ ಎತ್ತಿದ ಹಾಗೇ ಇರುತ್ತದೆ. ಇಲ್ಲದಿದ್ದರೆ ಕ್ಯಾರೆಕ್ಟರ್ ಕಾಲೆತ್ತದೆ ನೆಲ ಉಜ್ಜಿಕೊಂಡು ನಡೆಯುತ್ತದೆ.

ಈಗ ನನಗೆ ತುಂಬ ಇಷ್ಟವಾದ ಕಥೆ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ. ಒಂದು ಪ್ರಾಜೆಕ್ಟಿನಲ್ಲಿ ಕ್ಯಾರೆಕ್ಟರ್ ಮೆಟ್ಟಿಲ ಮೇಲೆ ಸುಮ್ನೆ ನಿಂತಾಗ ಕೆಳಗಿನ ಕಾಲಿನ ಮಂಡಿ ಟಕ್ ಅಂತ ಹೊಡೆದುಕೊಳ್ಳುತ್ತಿತ್ತು. ಕೆಲವು ಸೆಕೆಂಡಿಗೊಮ್ಮೆ, ತಪ್ಪದೆ. ಸಮನೆಲದಲ್ಲಿ ಏನೂ ಇಲ್ಲ. ನಾನು, ನನ್ನ ಜೊತೆಯ ಹುಡುಗಿ ಇಬ್ಬರೂ ಎರಡು ದಿನ ಹುಡುಕಿದೆವು. ರೇ ಅಲುಗಾಡುತ್ತಿದೆ ಅಂದುಕೊಂಡೆವು, ಅದು ಕಲ್ಲಿನ ಹಾಗೆ ನಿಂತಿತ್ತು. ಐಕೆ ಬಗ್ಗೆ ಅನುಮಾನ ಬಂತು, ಬೇರೆ ಸಾಲ್ವರ್ ಹಾಕಿ ನೋಡಿದೆವು. ಅದೇ ಟಕ್. ಎರಡನೇ ದಿನ ಸಂಜೆ ಅವಳು ಕೇಳಿದಳು, "ಸರ್, ಈ ಟಕ್ ಉಸಿರಿನ ಜೊತೆ ಬರ್ತಿದೆ ಅಲ್ವಾ?"

ಹೌದು! ನಿಂತ ಅನಿಮೇಶನ್‌ನಲ್ಲಿ ಉಸಿರಾಟ ಇತ್ತು. ಉಸಿರು ಬಿಟ್ಟಾಗ ಸೊಂಟ 1 ಸೆಂಟಿಮೀಟರ್ ಇಳಿಯುತ್ತಿತ್ತು. ತಕ್ಷಣ ಮಂಡಿಯ ಕೋನವನ್ನು ಪರದೆ ಮೇಲೆ ಬರೆಸಿದೆವು. 180, 162, 180, 162. ಒಂದು ಸೆಂಟಿಮೀಟರಿಗೆ ಹದಿನೆಂಟು ಡಿಗ್ರಿ!

ಕಾರಣ ಏನು? ಯಾವಾಗಲೋ ಒಬ್ಬರು ಮೈ ಜಾಸ್ತಿ ಕುಸಿದಂತೆ ಕಾಣಬಾರದು ಅಂತ ಸೊಂಟದ ಇಳಿತಕ್ಕೆ 16 ಸೆಂಟಿಮೀಟರಿನ ಮಿತಿ ಹಾಕಿದ್ದರು. ಮೆಟ್ಟಿಲು 18. ಬಾಕಿ 2 ಸೆಂಟಿಮೀಟರನ್ನು ಕಾಲೇ ಚಾಚಿ ತುಂಬಿಸಬೇಕಾಯಿತು. 84ಕ್ಕೆ 2 ಸೇರಿದರೆ 86, ಪೂರ್ತಿ ನೇರ. ಕಾಲು ನೇರವಾಗುವ ಹೊತ್ತಿನಲ್ಲಿ ಕೋನ ಎಷ್ಟು ಬೇಗ ಬದಲಾಗುತ್ತದೆ ಅಂತ ಈ ಸೂತ್ರದಲ್ಲೇ ಇದೆ:

```
cos(knee) = (a*a + b*b - c*c) / (2*a*b)
```

ಇಲ್ಲಿ a, b ಅಂದರೆ ಕಾಲಿನ ಆ ಎರಡು ಮೂಳೆಗಳ ಉದ್ದ, c ಅಂದರೆ ಸೊಂಟದಿಂದ ಪಾದದ ಕೀಲಿಗಿರುವ ದೂರ. 84ರಿಂದ 85ಕ್ಕೆ ಹೋದರೆ ಮಂಡಿ ಸುಮಾರು 7 ಡಿಗ್ರಿ ತಿರುಗುತ್ತದೆ. 85ರಿಂದ 86ಕ್ಕೆ ಹೋದರೆ 17ಕ್ಕೂ ಜಾಸ್ತಿ. ಕೊನೆಯ ಒಂದು ಸೆಂಟಿಮೀಟರಿನಲ್ಲೇ ಎಲ್ಲ ತೊಂದರೆ ಕೂತಿದೆ. ನಾವು ಮಿತಿಯನ್ನು 30ಕ್ಕೆ ಏರಿಸಿದೆವು. ಜೊತೆಗೆ, ಕಾಲು ತನ್ನ ಪೂರ್ತಿ ಉದ್ದದ ಶೇಕಡಾ 98ನ್ನು ದಾಟುವಂತಿದ್ದರೆ ಅಷ್ಟು ಕೊರತೆಯನ್ನೂ ಸೊಂಟವೇ ಇಳಿದು ತುಂಬಿಕೊಡಬೇಕು ಅಂತ ಮಾಡಿದೆವು. ಟಕ್ ನಿಂತಿತು. ಪಾದದ ಕೋಡಿನಲ್ಲಿ ಒಂದು ಸಾಲನ್ನೂ ಮುಟ್ಟಲಿಲ್ಲ. ಮತ್ತೆ ಸೊಂಟವೇ, ನೋಡಿ.

ಹದಿನೈದು ನಿಮಿಷ ಉಳಿದಿದೆ ಅಂತ ಚೀಟಿ ಬಂತು. ಸರಿ, ನಡಿಗೆಗೆ ಬರುತ್ತೇನೆ.

ನಡೆಯುವಾಗ ರೇ ಒಂದು ಮೆಟ್ಟಿಲು ಬಿಟ್ಟು ಮುಂದಿನದಕ್ಕೆ ಹಾರುತ್ತದೆ. ಒಂದೇ ಫ್ರೇಮಿನಲ್ಲಿ, ಅಂದರೆ 16 ಮಿಲಿಸೆಕೆಂಡಿನಲ್ಲಿ, 18 ಸೆಂಟಿಮೀಟರ್. ಎಲ್ಲರೂ ಮಾಡುವುದು ಏನು? ಎಲ್ಲ ಬೆಲೆಗಳಿಗೂ ಒಂದೇ ಸ್ಮೂತಿಂಗ್ ಹಾಕಿಬಿಡುತ್ತಾರೆ. ಆಗ ಊರಿದ ಪಾದವೂ ನಿಧಾನವಾಗಿ ಮೆಟ್ಟಿಲೊಳಗೆ ಇಳಿದು, ನಿಧಾನವಾಗಿ ಮೇಲೆ ಬರುತ್ತದೆ. ಸೊಂಟಕ್ಕೆ ಸ್ಮೂತಿಂಗ್ ಬೇಕು. ಗಾಳಿಯಲ್ಲಿರುವ ಪಾದಕ್ಕೂ ಬೇಕು. ಊರಿದ ಪಾದಕ್ಕೆ ಖಂಡಿತ ಬೇಡ. ಅದಕ್ಕೆ ಬೇಕಿರುವುದು ಬೀಗ. ಪಾದ ನೆಲ ಮುಟ್ಟಿದ ಫ್ರೇಮಿನಲ್ಲಿ ಅದರ ಜಾಗವನ್ನು ವರ್ಲ್ಡ್ ಸ್ಪೇಸಿನಲ್ಲಿ ಬರೆದಿಟ್ಟುಕೊಳ್ಳಿ. ಎತ್ತುವವರೆಗೂ ಅದೇ ಗುರಿ. ಯಾವಾಗ ಮುಟ್ಟಿತು, ಯಾವಾಗ ಎತ್ತಿತು ಅನ್ನುವುದನ್ನು ಅನಿಮೇಶನ್ ಕ್ಲಿಪ್ಪಿನಲ್ಲೇ ಒಂದು ಕರ್ವ್ ಆಗಿ ಬರೆಸಿ. ಪಾದದ ವೇಗ ನೋಡಿ ಆಟದ ನಡುವೆ ಊಹಿಸಬಹುದು, ಆದರೆ ಎರಡು ಕ್ಲಿಪ್ ಬ್ಲೆಂಡ್ ಆಗುವಾಗ ಆ ಊಹೆ ತಪ್ಪುತ್ತದೆ. ಬೀಗ ತೆಗೆದಾಗ ಪಾದ ಅನಿಮೇಶನ್‌ನ ಜಾಗಕ್ಕೆ ಒಮ್ಮೆಲೇ ಹಾರಬಾರದು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಮಯ ಕೊಟ್ಟು ಬಿಡಿ. ಆಟಗಾರ ತಟ್ಟನೆ ತಿರುಗಿದರೆ ಬೀಗ ಹಾಕಿದ ಪಾದ ಹಿಂದೆ ಉಳಿದು ಕಾಲು ತಿರುಚಿಕೊಳ್ಳುತ್ತದೆ. ಅದಕ್ಕೆ ದೂರದ ಒಂದು ಮಿತಿ ಇಡಿ, ದಾಟಿದರೆ ಬೀಗ ಬಿಡಲಿ.

ಇನ್ನೂ ನಾಲ್ಕು ವಿಷಯ ತಂದಿದ್ದೆ, ಎರಡು ಮಾತ್ರ ಹೇಳುತ್ತೇನೆ. ಒಂದೇ ರೇ ಸಾಲದು. ಹಿಮ್ಮಡಿಯಿಂದ ಒಂದು, ಬೆರಳಿನ ಕಡೆಯಿಂದ ಒಂದು ಬಿಡಿ, ಎತ್ತರವಾದದ್ದನ್ನು ತೆಗೆದುಕೊಳ್ಳಿ. ಮೆಟ್ಟಿಲು ಹತ್ತುವಾಗ ನಾವು ಎಷ್ಟೋ ಸಲ ಪಾದದ ಮುಂಭಾಗವನ್ನಷ್ಟೇ ಊರುತ್ತೇವೆ, ಹಿಮ್ಮಡಿ ಹೊರಗೇ ಇರುತ್ತದೆ. ಹಾಗಾಗಿ ಅದು ನೋಡಲು ಸಹಜವಾಗಿಯೇ ಇರುತ್ತದೆ. ಆದರೆ ಆ ಎರಡು ರೇಗಳ ಎತ್ತರದ ವ್ಯತ್ಯಾಸದಿಂದ ಪಾದದ ಓರೆಯನ್ನು ಲೆಕ್ಕ ಹಾಕಬೇಡಿ, ಪಾದ ಮೆಟ್ಟಿಲಿನ ಅಂಚಿನಲ್ಲಿ ಜಾರುಬಂಡೆಯಂತೆ ವಾಲುತ್ತದೆ. ಓರೆಗೆ ಎತ್ತರವಾದ ರೇ ತಾಗಿದ ಜಾಗದ ನಾರ್ಮಲ್ ಸಾಕು.

ಇನ್ನೊಂದು, ಕ್ಯಾಪ್ಸೂಲ್ ಕುಣಿಯದೆ ಹತ್ತಲಿ ಅಂತ ಮೆಟ್ಟಿಲ ಮೇಲೆ ಕಣ್ಣಿಗೆ ಕಾಣದ ಇಳಿಜಾರನ್ನು ಇಡುತ್ತೀರಿ, ಅಲ್ವಾ? ಪಾದದ ರೇ ಆ ಇಳಿಜಾರಿಗೆ ತಾಗಿದರೆ ಪಾದ ಮೆಟ್ಟಿಲ ಮೇಲೆ ತೇಲುತ್ತದೆ, ಓರೆಯಾಗಿಯೂ ನಿಲ್ಲುತ್ತದೆ. ಪಾದದ ರೇಗೆ ಬೇರೆ ಲೇಯರ್ ಕೊಡಿ, ಅದು ಕಣ್ಣಿಗೆ ಕಾಣುವ ಮೆಟ್ಟಿಲನ್ನೇ ಮುಟ್ಟಲಿ. ಆಗ ಕ್ಯಾಪ್ಸೂಲ್ ಇಳಿಜಾರಿನ ಮೇಲೆ, ಪಾದಗಳು ಮೆಟ್ಟಿಲ ಮೇಲೆ. ಎರಡರ ನಡುವಿನ ಅಂತರವನ್ನು ಸೊಂಟ ಸರಿದೂಗಿಸುತ್ತದೆ.